ಪ್ರೋಟೀನ್ ಪುಡಿಯ ಡಬ್ಬಿಯನ್ನು ಹಿಂಬದಿಯಿಂದ ಓದುವುದು ಹೇಗೆ

ಡಬ್ಬಿಯ ಮುಂಭಾಗದಲ್ಲಿ ದೊಡ್ಡ ಅಕ್ಷರಗಳಲ್ಲಿ "25 ಗ್ರಾಂ ಪ್ರೋಟೀನ್" ಅಂತ ಇರುತ್ತದೆ. ಆ ಸಂಖ್ಯೆ ಸುಳ್ಳೇ ಆಗಿರಬೇಕು ಅಂತೇನಿಲ್ಲ. ಆದರೆ ಎಷ್ಟು ಪುಡಿಗೆ 25 ಗ್ರಾಂ, ಅದು ಯಾವುದರಿಂದ ಬಂದ ಪ್ರೋಟೀನ್, ಅದನ್ನು ಅಳೆದವರು ಯಾರು ಅನ್ನುವುದು ಅಲ್ಲಿ ಸಿಗುವುದಿಲ್ಲ. ಉತ್ತರ ಇರುವುದು ಹಿಂಬದಿಯ ಸಣ್ಣ ಅಕ್ಷರಗಳಲ್ಲಿ. ಅದನ್ನು ಓದಲು ಗುಣಾಕಾರ, ಭಾಗಾಕಾರ ಗೊತ್ತಿದ್ದರೆ ಸಾಕು.

ಸುಮ್ನೆ ನಿಯಮ ಹೇಳುವ ಬದಲು ಒಂದು ಲೇಬಲ್ ಇಟ್ಟುಕೊಂಡೇ ಓದೋಣ. ಇದು ಯಾವ ಕಂಪನಿಯದ್ದೂ ಅಲ್ಲ, ಕಲಿಯುವುದಕ್ಕಾಗಿ ನಾನೇ ಜೋಡಿಸಿದ್ದು. ಆದರೆ ಇದರಲ್ಲಿರುವ ಒಂದೊಂದು ಸಾಲೂ ಮಾರುಕಟ್ಟೆಯ ಡಬ್ಬಿಗಳ ಮೇಲೆ ಕಾಣಸಿಗುವಂಥದ್ದೇ.

ಒಂದು ಸಲದ ಅಳತೆ: 2 ಸ್ಕೂಪ್, 46 ಗ್ರಾಂ
ಪ್ರೋಟೀನ್: 25 ಗ್ರಾಂ
ಕೊಬ್ಬು: 3 ಗ್ರಾಂ
ಒಟ್ಟು ಕಾರ್ಬೊಹೈಡ್ರೇಟ್: 15 ಗ್ರಾಂ (ನಾರು 1 ಗ್ರಾಂ, ಸಕ್ಕರೆ 5 ಗ್ರಾಂ, ಅದರಲ್ಲಿ ಸೇರಿಸಿದ ಸಕ್ಕರೆ 3 ಗ್ರಾಂ)
ಅಮೈನೊ ಆಮ್ಲಗಳು: ಲ್ಯೂಸಿನ್ 1.9 ಗ್ರಾಂ, ಗ್ಲೈಸಿನ್ 2.6 ಗ್ರಾಂ
ಪದಾರ್ಥಗಳು: ಪ್ರೋಟೀನ್ ಮಿಶ್ರಣ (ವೇ ಕಾನ್ಸಂಟ್ರೇಟ್, ಹಾಲಿನ ಪ್ರೋಟೀನ್ ಕಾನ್ಸಂಟ್ರೇಟ್, ಬಟಾಣಿ ಪ್ರೋಟೀನ್, ಕ್ಯಾಲ್ಸಿಯಂ ಕೇಸಿನೇಟ್), ಮಾಲ್ಟೊಡೆಕ್ಸ್ಟ್ರಿನ್, ಕೋಕೋ ಪುಡಿ, ಸಕ್ಕರೆ, ಗ್ಲೈಸಿನ್, ಟಾರಿನ್, ಕ್ಸಾಂಥನ್ ಗಮ್, ಪರಿಮಳ, ಸುಕ್ರಲೋಸ್

ಮೊದಲು: ನೂರು ಗ್ರಾಂ ಪುಡಿಗೆ ಎಷ್ಟು?

ಪ್ರೋಟೀನ್ ಎಷ್ಟಿದೆ ಅಂತ ನೋಡುವುದಕ್ಕಿಂತ ಮೊದಲು ಒಂದು ಸಲದ ಅಳತೆ ಎಷ್ಟು ಗ್ರಾಂ ಅಂತ ನೋಡಿ. ಇಲ್ಲಿ 46 ಗ್ರಾಂ. 25 ಅನ್ನು 46ರಿಂದ ಭಾಗಿಸಿ 100ರಿಂದ ಗುಣಿಸಿದರೆ 54 ಬರುತ್ತದೆ. ಅಂದರೆ ಪುಡಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಮಾತ್ರ ಪ್ರೋಟೀನ್. ಇನ್ನೊಂದು ಡಬ್ಬಿಯಲ್ಲಿ 30 ಗ್ರಾಂ ಪುಡಿಗೆ 24 ಗ್ರಾಂ ಪ್ರೋಟೀನ್ ಇದ್ದರೆ ಅದು ಶೇ. 80. ಮುಂಭಾಗದಲ್ಲಿ 24ಕ್ಕಿಂತ 25 ದೊಡ್ಡದಾಗಿ ಕಾಣುತ್ತದೆ, ಆದರೆ ಡಬ್ಬಿಯ ಒಳಗಿನ ಕಥೆ ಪೂರ್ತಿ ಬೇರೆ.

ಪರಿಮಳ, ಕೋಕೋ ಸೇರಿಸಿದ ವೇ ಪುಡಿಯಲ್ಲಿ ಶೇ. 70ರಿಂದ 80 ಇದ್ದರೆ ನನ್ನ ಲೆಕ್ಕದಲ್ಲಿ ಅದು ಪ್ರೋಟೀನ್ ಪುಡಿ. ಶೇ. 60ಕ್ಕಿಂತ ಕೆಳಗಿದ್ದರೆ ಉಳಿದದ್ದು ಏನು ಅಂತ ಹುಡುಕಲೇಬೇಕು.

ಈ ಹೆಜ್ಜೆಯಲ್ಲಿ ಕಾಲು ಜಾರುವ ಜಾಗ ಎರಡಿವೆ. ಕೆಲವು ಲೇಬಲ್‌ಗಳಲ್ಲಿ "ಹಾಲಿನೊಂದಿಗೆ" ಅಂತ ಇನ್ನೊಂದು ಕಂಬಸಾಲು ಇರುತ್ತದೆ, ಮುಂಭಾಗದ ದೊಡ್ಡ ಸಂಖ್ಯೆ ಅಲ್ಲಿಂದ ಬಂದಿರುತ್ತದೆ. ಹಾಲಿನ ಪ್ರೋಟೀನ್ ಪುಡಿಯದ್ದಲ್ಲ ಅಲ್ವಾ? ಇನ್ನೊಂದು, ಸಂಖ್ಯೆಯ ಪಕ್ಕದ ನಕ್ಷತ್ರ ಚಿಹ್ನೆ. ಅದರ ಅಡಿಟಿಪ್ಪಣಿಯಲ್ಲಿ "ತೇವಾಂಶ ಕಳೆದ ಲೆಕ್ಕದಲ್ಲಿ" ಅನ್ನುವ ಅರ್ಥದ ಮಾತಿದ್ದರೆ, ಪುಡಿಯಲ್ಲಿನ ನೀರಿನಂಶವನ್ನು ತೆಗೆದು ಲೆಕ್ಕ ಹಾಕಿದ್ದಾರೆ ಅಂತ ಅರ್ಥ. ಶೇ. 5ರಷ್ಟು ತೇವಾಂಶ ಇರುವ ಪುಡಿಗೆ ಆ ಲೆಕ್ಕದಲ್ಲಿ ಶೇ. 80 ಅಂದರೆ ನಿಮ್ಮ ಸ್ಕೂಪಿನಲ್ಲಿರುವ ಪುಡಿಗೆ ಶೇ. 76.

ಸ್ಕೂಪನ್ನೂ ಪೂರ್ತಿ ನಂಬಬೇಡಿ. ಅದು ಅಳೆಯುವುದು ಜಾಗವನ್ನು, ತೂಕವನ್ನಲ್ಲ. ಒತ್ತಿ ತುಂಬಿದರೆ ಒಂದು ತೂಕ, ಸಡಿಲವಾಗಿ ತುಂಬಿದರೆ ಇನ್ನೊಂದು. ಅಡುಗೆಮನೆಯ ತಕ್ಕಡಿಯಲ್ಲಿ ಒಂದೇ ಒಂದು ಸಲ ತೂಗಿ ನೋಡಿದರೆ ನಿಮ್ಮ ಕೈ ಅಳತೆ ಗೊತ್ತಾಗುತ್ತದೆ.

ಆಮೇಲೆ: ಯಾವುದರ ಪ್ರೋಟೀನ್?

ಪದಾರ್ಥಗಳ ಪಟ್ಟಿ ತೂಕದ ಕ್ರಮದಲ್ಲಿರುತ್ತದೆ. ಜಾಸ್ತಿ ಇರುವುದು ಮೊದಲು, ಕಡಿಮೆ ಇರುವುದು ಕೊನೆಗೆ. ಆದರೆ "ಪ್ರೋಟೀನ್ ಮಿಶ್ರಣ" ಅಂತ ಬರೆದು ಆವರಣದೊಳಗೆ ನಾಲ್ಕು ಹೆಸರು ಹಾಕಿದಾಗ, ಆ ನಾಲ್ಕರ ಒಟ್ಟು ತೂಕ ಸೇರಿ ಪಟ್ಟಿಯ ತಲೆಗೆ ಬಂದಿರುತ್ತದೆ. ಒಳಗಿನ ಒಂದೊಂದರ ಪಾಲು ಎಷ್ಟು ಅಂತ ತಿಳಿಯುವುದಿಲ್ಲ, ಯಾವುದು ಮುಂದೆ ಯಾವುದು ಹಿಂದೆ ಅಂತ ಮಾತ್ರ ಗೊತ್ತಾಗುತ್ತದೆ. ಮುಂಭಾಗದಲ್ಲಿ, ಹೆಚ್ಚು ಸೋಸಿ ಶುದ್ಧ ಮಾಡಿದ ಪ್ರೋಟೀನ್ ಅನ್ನುವ ಅರ್ಥದಲ್ಲಿ, "ಐಸೊಲೇಟ್ ಇದೆ" ಅಂತ ಹೊಳೆಯುವ ಅಕ್ಷರದಲ್ಲಿದ್ದು, ಆವರಣದೊಳಗೆ ಐಸೊಲೇಟ್ ಕೊನೆಯಲ್ಲಿದ್ದರೆ ಅದು ಒಂದು ಚಿಟಿಕೆಯೂ ಆಗಿರಬಹುದು.

ವೇ ಮತ್ತು ಕೇಸಿನ್ ಎರಡೂ ಹಾಲಿನ ಮಕ್ಕಳೇ. ಹಾಲು ಒಡೆದಾಗ ಗಟ್ಟಿಯಾಗಿ ಕೂರುವುದು ಕೇಸಿನ್, ಮೇಲೆ ನಿಲ್ಲುವ ತಿಳಿ ನೀರಿನಲ್ಲಿ ಉಳಿಯುವುದು ವೇ. ಹಸುವಿನ ಹಾಲಿನ ಪ್ರೋಟೀನ್‌ನಲ್ಲಿ ಸುಮಾರು ಶೇ. 80 ಕೇಸಿನ್, ಶೇ. 20 ವೇ.

ಆ ತಿಳಿ ನೀರನ್ನು ಸೋಸಿ ಒಣಗಿಸಿದಾಗ ಸಿಗುವುದು ವೇ ಕಾನ್ಸಂಟ್ರೇಟ್. ಪುಡಿಗಳಲ್ಲಿ ಸಾಮಾನ್ಯವಾಗಿ ಬಳಸುವುದು ಶೇ. 80ರ ದರ್ಜೆ, ಆದರೆ ಶೇ. 35ರ ಹತ್ತಿರ ಇರುವುದಕ್ಕೂ ಕಾನ್ಸಂಟ್ರೇಟ್ ಅಂತಲೇ ಹೆಸರು. ಇನ್ನೂ ಸೋಸಿ ಕೊಬ್ಬು ಮತ್ತು ಹಾಲಿನ ಸಕ್ಕರೆಯಾದ ಲ್ಯಾಕ್ಟೋಸ್ ತೆಗೆದರೆ ಐಸೊಲೇಟ್. ಅದರಲ್ಲಿ ತೇವಾಂಶ ಕಳೆದು ಶೇ. 90 ಅಥವಾ ಹೆಚ್ಚು ಪ್ರೋಟೀನ್ ಇರುತ್ತದೆ, ಲ್ಯಾಕ್ಟೋಸ್ ಸಾಮಾನ್ಯವಾಗಿ ಶೇ. 1ಕ್ಕಿಂತ ಕಡಿಮೆ. ಹೈಡ್ರೊಲೈಸೇಟ್ ಅಂದರೆ ಕಿಣ್ವಗಳಿಂದ ಮೊದಲೇ ಚೂರು ಮಾಡಿದ ಪ್ರೋಟೀನ್. ಅದು ಕಹಿ, ದುಬಾರಿ. ಹೆಚ್ಚಿನವರಿಗೆ ಅದರ ಅಗತ್ಯವಿಲ್ಲ ಅನ್ನುವುದು ನನ್ನ ಅಭಿಪ್ರಾಯ.

ಈ ವ್ಯತ್ಯಾಸ ನನಗೆ ಅರ್ಥವಾದದ್ದು ಹೊಟ್ಟೆಯ ಮೂಲಕ. ಕಾನ್ಸಂಟ್ರೇಟ್ ಕುಡಿದ ದಿನವೆಲ್ಲ ಹೊಟ್ಟೆ ಉಬ್ಬರಿಸುತ್ತಿತ್ತು, ಐಸೊಲೇಟ್‌ಗೆ ಬದಲಾದ ಮೇಲೆ ನಿಂತಿತು. ಲ್ಯಾಕ್ಟೋಸ್ ಜೀರ್ಣವಾಗದವರಿಗೆ ಇದು ಉಪಯೋಗಕ್ಕೆ ಬರುತ್ತದೆ. ಆದರೆ ಒಂದು ಮಾತು ಗಟ್ಟಿಯಾಗಿ ನೆನಪಿಡಿ. ಹಾಲಿನ ಅಲರ್ಜಿ ಇರುವವರಿಗೆ ಐಸೊಲೇಟ್ ಕೂಡ ಅಪಾಯವೇ. ಅಲರ್ಜಿ ಆಗುವುದು ಹಾಲಿನ ಪ್ರೋಟೀನ್‌ಗೆ, ಲ್ಯಾಕ್ಟೋಸ್‌ಗೆ ಅಲ್ಲ. "ಲ್ಯಾಕ್ಟೋಸ್ ಮುಕ್ತ" ಅನ್ನುವ ಪದ ಅವರನ್ನು ಕಾಪಾಡುವುದಿಲ್ಲ.

ಕೇಸಿನ್ ಹೊಟ್ಟೆಯ ಆಮ್ಲದಲ್ಲಿ ಹೆಪ್ಪುಗಟ್ಟುತ್ತದೆ, ಹಾಗಾಗಿ ಪ್ರೋಟೀನ್ ಕಟ್ಟುವ ಇಟ್ಟಿಗೆಗಳಾದ ಅಮೈನೊ ಆಮ್ಲಗಳನ್ನು ಹಲವು ಗಂಟೆಗಳ ಕಾಲ ನಿಧಾನವಾಗಿ ಬಿಡುತ್ತದೆ. ವೇ ಬೇಗ ರಕ್ತಕ್ಕೆ ಸೇರಿ ಬೇಗ ಇಳಿಯುತ್ತದೆ. 1997ರಲ್ಲಿ ಫ್ರಾನ್ಸಿನ ಸಂಶೋಧಕರು ಇದನ್ನು ಅಳೆದು ತೋರಿಸಿದ ಮೇಲೆಯೇ "ವೇಗದ ಪ್ರೋಟೀನ್, ನಿಧಾನದ ಪ್ರೋಟೀನ್" ಅನ್ನುವ ಮಾತು ಬಳಕೆಗೆ ಬಂದದ್ದು. ಲೇಬಲ್‌ನಲ್ಲಿ ನೋಡಬೇಕಾದ ಪದ "ಮೈಸೆಲ್ಲರ್ ಕೇಸಿನ್". ಇದು ಹಾಲಿನಲ್ಲಿದ್ದ ರೂಪದಲ್ಲೇ ಸೋಸಿ ತೆಗೆದದ್ದು. ಕ್ಯಾಲ್ಸಿಯಂ ಅಥವಾ ಸೋಡಿಯಂ ಕೇಸಿನೇಟ್ ಹಾಗಲ್ಲ, ಕೇಸಿನ್‌ಅನ್ನು ಆಮ್ಲದಿಂದ ಬೇರ್ಪಡಿಸಿ ಮತ್ತೆ ಕ್ಷಾರ ಸೇರಿಸಿ ಮಾಡಿದ್ದು. ಅದು ಅದೇ ರೀತಿ ಗಟ್ಟಿ ಹೆಪ್ಪಾಗುವುದಿಲ್ಲ. ನಮ್ಮ ಮಾದರಿ ಡಬ್ಬಿಯಲ್ಲಿರುವುದು ಕೇಸಿನೇಟ್, ಅದೂ ಆವರಣದ ಕೊನೆಯಲ್ಲಿ. "ರಾತ್ರಿಯಿಡೀ ಪೋಷಣೆ" ಅಂತ ಮುಂಭಾಗದಲ್ಲಿದ್ದರೆ ಅದಕ್ಕೆ ಈ ಪಟ್ಟಿಯಲ್ಲಿ ಆಧಾರ ಕಡಿಮೆ. ಇಷ್ಟಾಗಿಯೂ ವೇಗಕ್ಕಿಂತ ದಿನದ ಒಟ್ಟು ಪ್ರೋಟೀನ್ ಮುಖ್ಯ.

ಗ್ಲೈಸಿನ್, ಟಾರಿನ್ ಕಂಡರೆ ಅಲ್ಲೇ ನಿಲ್ಲಿ

ಇಡೀ ಲೇಬಲ್‌ನಲ್ಲಿ ಹೆಚ್ಚು ಜನ ಗಮನಿಸದ ಜಾಗ ಇದು. ನಿಧಾನವಾಗಿ ನೋಡೋಣ.

ಪುಡಿಯಲ್ಲಿ ಎಷ್ಟು ಪ್ರೋಟೀನ್ ಇದೆ ಅಂತ ಪ್ರಯೋಗಾಲಯಗಳು ಸಾಮಾನ್ಯವಾಗಿ ನೇರವಾಗಿ ಅಳೆಯುವುದಿಲ್ಲ. ಕೆಲ್ಡಾಲ್ ಅಥವಾ ಡ್ಯೂಮಾ ವಿಧಾನದಲ್ಲಿ ನೈಟ್ರೋಜನ್ ಎಷ್ಟಿದೆ ಅಂತ ಅಳೆದು, ಅದನ್ನು 6.25ರಿಂದ ಗುಣಿಸುತ್ತಾರೆ. ಹಾಲಿನ ಪ್ರೋಟೀನ್‌ಗೆ 6.38 ಬಳಸುವುದೂ ಇದೆ. ಪ್ರೋಟೀನ್‌ನಲ್ಲಿ ಸುಮಾರು ಶೇ. 16 ನೈಟ್ರೋಜನ್ ಇರುತ್ತದೆ ಅನ್ನುವ ಲೆಕ್ಕ ಅದು. ಆದರೆ ನೈಟ್ರೋಜನ್ ಎಲ್ಲಿಂದ ಬಂತು ಅಂತ ಈ ಪರೀಕ್ಷೆ ಕೇಳುವುದೇ ಇಲ್ಲ. 2008ರಲ್ಲಿ ಚೀನಾದಲ್ಲಿ ಹಾಲಿಗೆ ಪ್ಲಾಸ್ಟಿಕ್ ತಯಾರಿಕೆಯ ರಾಸಾಯನಿಕವಾದ ಮೆಲಮೈನ್ ಸೇರಿಸಿ ಮಕ್ಕಳ ಪ್ರಾಣ ಹೋದದ್ದು ಇದೇ ಕುರುಡುತನದಿಂದ. ಮೆಲಮೈನ್‌ನ ಮೂರನೇ ಎರಡು ಪಾಲು ನೈಟ್ರೋಜನ್.

ಪ್ರೋಟೀನ್ ಪುಡಿಗಳಲ್ಲಿ ಇದರ ಸಣ್ಣ ರೂಪ ಒಂದಿದೆ. ಅಗ್ಗದ ಬಿಡಿ ಅಮೈನೊ ಆಮ್ಲಗಳನ್ನು ಸೇರಿಸುವುದು. ಗ್ಲೈಸಿನ್‌ನಲ್ಲಿ ಶೇ. 18.7 ನೈಟ್ರೋಜನ್ ಇದೆ, 6.25ರಿಂದ ಗುಣಿಸಿದರೆ 1 ಗ್ರಾಂ ಗ್ಲೈಸಿನ್ 1.17 ಗ್ರಾಂ "ಪ್ರೋಟೀನ್" ಆಗಿ ಕಾಣುತ್ತದೆ. 1 ಗ್ರಾಂ ಟಾರಿನ್ 0.7 ಗ್ರಾಂ ಆಗುತ್ತದೆ, ಅದು ಪ್ರೋಟೀನ್ ಕಟ್ಟುವ ಅಮೈನೊ ಆಮ್ಲವೇ ಅಲ್ಲ. ಕ್ರಿಯೇಟಿನ್ ಮಾನೊಹೈಡ್ರೇಟ್ ಇನ್ನೂ ಮುಂದೆ, ಸುಮಾರು 1.75. ಇವು ವಿಷವೇನಲ್ಲ. ಕ್ರಿಯೇಟಿನ್ ಬೇಕು ಅಂತಲೇ ತೆಗೆದುಕೊಳ್ಳುವವರಿದ್ದಾರೆ. ತಪ್ಪಾಗುವುದು ಅದನ್ನು ಪ್ರೋಟೀನ್ ಲೆಕ್ಕಕ್ಕೆ ಸೇರಿಸಿದಾಗ.

ಈಗ ನಮ್ಮ ಡಬ್ಬಿಗೆ ಬನ್ನಿ. ಪದಾರ್ಥಗಳಲ್ಲಿ ಗ್ಲೈಸಿನ್, ಟಾರಿನ್ ಎರಡೂ ಇವೆ. ಹಾಲು ಮತ್ತು ಬಟಾಣಿಯ 25 ಗ್ರಾಂ ಪ್ರೋಟೀನ್‌ನಲ್ಲಿ ಸಹಜವಾಗಿ ಅರ್ಧ ಗ್ರಾಂನಿಂದ 0.8 ಗ್ರಾಂ ಗ್ಲೈಸಿನ್ ಇರಬಹುದು. ಲೇಬಲ್ 2.6 ಅನ್ನುತ್ತದೆ. ಸುಮಾರು 2 ಗ್ರಾಂ ಹೊರಗಿನಿಂದ ಬಂದಿದೆ, ಅದು 2.3 ಗ್ರಾಂ ಪ್ರೋಟೀನ್‌ನಂತೆ ಲೆಕ್ಕಕ್ಕೆ ಸೇರಿದೆ. ಪಟ್ಟಿಯಲ್ಲಿ ಗ್ಲೈಸಿನ್ ಆದ ಮೇಲೆ ಟಾರಿನ್ ಬರುವುದರಿಂದ ಅದು 2 ಗ್ರಾಂಗಿಂತ ಕಡಿಮೆ. 1 ಗ್ರಾಂ ಅಂದುಕೊಂಡರೆ ಇನ್ನೂ 0.7. ಅಲ್ಲಿಗೆ ನಿಜವಾದ ಪ್ರೋಟೀನ್ 22 ಗ್ರಾಂ ಆಸುಪಾಸು.

ಲ್ಯೂಸಿನ್ ಇದಕ್ಕೆ ಸಾಕ್ಷಿ ಹೇಳುತ್ತದೆ. ವೇ ಪ್ರೋಟೀನ್‌ನಲ್ಲಿ ಲ್ಯೂಸಿನ್ ಶೇ. 10ರಿಂದ 11, ಕೇಸಿನ್‌ನಲ್ಲಿ ಸುಮಾರು 9, ಬಟಾಣಿಯಲ್ಲಿ ಸುಮಾರು 8. ಈ ಮಿಶ್ರಣಕ್ಕೆ 9 ಅಂತ ಹಿಡಿದರೂ 25 ಗ್ರಾಂಗೆ 2.25 ಗ್ರಾಂ ಲ್ಯೂಸಿನ್ ಇರಬೇಕಿತ್ತು. ಇರುವುದು 1.9, ಅಂದರೆ ಶೇ. 7.6. ಅದನ್ನೇ 22 ಗ್ರಾಂಗೆ ಭಾಗಿಸಿ ನೋಡಿ, ಶೇ. 8.6 ಬರುತ್ತದೆ. ಮಿಶ್ರಣಕ್ಕೆ ಹೊಂದುವ ಸಂಖ್ಯೆ ಅದೇ.

ಈ ಲೆಕ್ಕಕ್ಕೂ ಮಿತಿ ಇದೆ. ಪದಾರ್ಥಗಳಲ್ಲಿ ಬಿಡಿ ಲ್ಯೂಸಿನ್ ಸೇರಿಸಿದ್ದರೆ ಲ್ಯೂಸಿನ್ ಪರೀಕ್ಷೆ ಕೆಲಸ ಮಾಡುವುದಿಲ್ಲ. ಅಮೈನೊ ಆಮ್ಲಗಳ ಪಟ್ಟಿಯನ್ನೇ ಕೊಡದ ಡಬ್ಬಿಗಳೂ ಬಹಳ. ಆಗ ಕಂಪನಿಗೆ ಬರೆದು ಕೇಳಬಹುದು. "ಗ್ಲುಟಾಮಿನ್ ಭರಪೂರ" ಅನ್ನುವುದನ್ನು ಮಾತ್ರ ದೊಡ್ಡದು ಮಾಡಬೇಡಿ. ಹಾಲಿನ ಪ್ರೋಟೀನ್‌ನಲ್ಲಿ ಗ್ಲುಟಾಮಿಕ್ ಆಮ್ಲ ಮತ್ತು ಗ್ಲುಟಾಮಿನ್ ಸಹಜವಾಗಿಯೇ ಜಾಸ್ತಿ.

ಸಸ್ಯ ಮಿಶ್ರಣದ ಡಬ್ಬಿಯಾದರೆ

ಬಟಾಣಿ ಪ್ರೋಟೀನ್‌ನಲ್ಲಿ ಲೈಸಿನ್ ಅನ್ನುವ ಅಮೈನೊ ಆಮ್ಲ ಧಾರಾಳ, ಆದರೆ ಗಂಧಕವಿರುವ ಮೆಥಿಯೊನಿನ್ ಮತ್ತು ಸಿಸ್ಟಿನ್ ಕಡಿಮೆ. ಅಕ್ಕಿ ಪ್ರೋಟೀನ್ ಇದಕ್ಕೆ ಉಲ್ಟಾ. ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ, ಅದಕ್ಕೇ ಎರಡನ್ನೂ ಬೆರೆಸುತ್ತಾರೆ. ಏಳು ಪಾಲು ಬಟಾಣಿಗೆ ಮೂರು ಪಾಲು ಅಕ್ಕಿ ಅನ್ನುವುದು ಬಳಕೆಯಲ್ಲಿರುವ ಅಳತೆ. ಆದರೆ ಅಕ್ಕಿಯನ್ನು ಹೆಸರಿಗೆ ಮಾತ್ರ ಸೇರಿಸಿದ್ದರೆ ಕೊರತೆ ತುಂಬುವುದಿಲ್ಲ.

ಅದನ್ನು ಪರೀಕ್ಷಿಸಲು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2013ರ ವರದಿಯಲ್ಲಿ ಕೊಟ್ಟ ಅಳತೆ ಇದೆ. ದೊಡ್ಡವರಿಗೆ 1 ಗ್ರಾಂ ಪ್ರೋಟೀನ್‌ನಲ್ಲಿ 48 ಮಿಲಿಗ್ರಾಂ ಲೈಸಿನ್ ಇರಬೇಕು, ಮೆಥಿಯೊನಿನ್ ಮತ್ತು ಸಿಸ್ಟಿನ್ ಸೇರಿ 23 ಮಿಲಿಗ್ರಾಂ ಇರಬೇಕು. 20 ಗ್ರಾಂ ಪ್ರೋಟೀನ್ ಕೊಡುವ ಡಬ್ಬಿಯಾದರೆ ಲೈಸಿನ್ 0.96 ಗ್ರಾಂ, ಆ ಎರಡೂ ಸೇರಿ 0.46 ಗ್ರಾಂ. ಅಮೈನೊ ಆಮ್ಲಗಳ ಪಟ್ಟಿಯಲ್ಲಿ ಇವನ್ನು ಹುಡುಕಿ. ಜೀರ್ಣವಾಗುವ ಪ್ರಮಾಣ ಸಸ್ಯ ಪ್ರೋಟೀನ್‌ನಲ್ಲಿ ಸ್ವಲ್ಪ ಕಡಿಮೆ ಇರುವುದರಿಂದ, ಸಂಖ್ಯೆ ಗೆರೆಗೆ ತಾಗಿಕೊಂಡಿರುವುದಕ್ಕಿಂತ ಮೇಲಿದ್ದರೆ ಒಳ್ಳೆಯದು. ಸೋಯಾ ಒಂಟಿಯಾಗಿಯೇ ಬಹುಮಟ್ಟಿಗೆ ಸಮತೋಲನದಲ್ಲಿರುತ್ತದೆ.

ಸಸ್ಯದ್ದಲ್ಲದಿದ್ದರೂ, ಪ್ರಾಣಿಗಳ ಚರ್ಮ, ಮೂಳೆಯಿಂದ ತೆಗೆಯುವ ಕೊಲಾಜೆನ್ ಬಗ್ಗೆ ಇಲ್ಲೇ ಹೇಳಿಬಿಡುತ್ತೇನೆ. ಅದರಲ್ಲಿ ದೇಹಕ್ಕೆ ಬೇಕೇ ಬೇಕಾದ ಅಮೈನೊ ಆಮ್ಲವಾದ ಟ್ರಿಪ್ಟೊಫಾನ್ ಇರುವುದೇ ಇಲ್ಲ. ಮಿಶ್ರಣದ ಆವರಣದಲ್ಲಿ ಅದು ಮುಂದೆ ಬಂದಿದ್ದರೆ ಆ ಡಬ್ಬಿಯ ಗ್ರಾಂ ಲೆಕ್ಕವನ್ನು ವೇ ಪುಡಿಯ ಗ್ರಾಂ ಲೆಕ್ಕದೊಂದಿಗೆ ಹೋಲಿಸಬೇಡಿ.

ಸಕ್ಕರೆ ಸಾಲು, ಮತ್ತು ಅದರಲ್ಲಿ ಕಾಣದ್ದು

ನಮ್ಮ ಡಬ್ಬಿಯಲ್ಲಿ ಸಕ್ಕರೆ 5 ಗ್ರಾಂ, ಅದರಲ್ಲಿ ಸೇರಿಸಿದ್ದು 3. ಉಳಿದ 2 ಗ್ರಾಂ ಹಾಲಿನಿಂದಲೇ ಬಂದ ಲ್ಯಾಕ್ಟೋಸ್. ಹಾಗಾಗಿ "ಸಕ್ಕರೆ ಸೇರಿಸಿಲ್ಲ" ಅನ್ನುವ ಡಬ್ಬಿಯಲ್ಲೂ ಸಕ್ಕರೆ ಸಾಲಿನಲ್ಲಿ ಒಂದೆರಡು ಗ್ರಾಂ ಕಂಡರೆ ಅದು ಮೋಸವಲ್ಲ. ವಿಶ್ವ ಆರೋಗ್ಯ ಸಂಸ್ಥೆ ಸೇರಿಸಿದ ಸಕ್ಕರೆಯಂಥವು ದಿನದ ಶಕ್ತಿಯ ಶೇ. 10ಕ್ಕಿಂತ ಕಡಿಮೆ ಇರಲಿ ಅನ್ನುತ್ತದೆ. 2000 ಕಿಲೊಕ್ಯಾಲರಿ ಊಟಕ್ಕೆ ಅದು 50 ಗ್ರಾಂ. 3 ಗ್ರಾಂ ದೊಡ್ಡ ವಿಷಯವಲ್ಲ.

ನನಗೆ ಹೆಚ್ಚು ಚಿಂತೆ ಆಗುವುದು ಸಕ್ಕರೆ ಸಾಲಿನಲ್ಲಿ ಬಾರದ ಭಾಗ. ಒಟ್ಟು ಕಾರ್ಬೊಹೈಡ್ರೇಟ್ 15ರಿಂದ ಸಕ್ಕರೆ 5, ನಾರು 1 ಕಳೆಯಿರಿ. 9 ಗ್ರಾಂ ಉಳಿಯಿತು. ಪದಾರ್ಥಗಳಲ್ಲಿ ಎರಡನೆಯ ಹೆಸರು ಮಾಲ್ಟೊಡೆಕ್ಸ್ಟ್ರಿನ್. ಆ 9 ಗ್ರಾಂನಲ್ಲಿ ಹೆಚ್ಚಿನದು ಅದೇ. ಅದು ಪಿಷ್ಟವನ್ನು ಒಡೆದು ಮಾಡಿದ್ದು, ಅಷ್ಟಾಗಿ ಸಿಹಿ ಇಲ್ಲ, ಲೇಬಲ್‌ನ ನಿಯಮದಲ್ಲಿ ಸಕ್ಕರೆ ಅಲ್ಲ. ಆದರೆ ರಕ್ತದ ಸಕ್ಕರೆಯನ್ನು ಗ್ಲೂಕೋಸ್‌ನಷ್ಟೇ ಬೇಗ ಏರಿಸುತ್ತದೆ. ಮಧುಮೇಹ ಇರುವವರು ಈ ಕಳೆಯುವ ಲೆಕ್ಕವನ್ನು ಬಿಡಲೇಬಾರದು. ಕೆಲವು ದೇಶಗಳ ಲೇಬಲ್‌ಗಳಲ್ಲಿ ನಾರು ಕಾರ್ಬೊಹೈಡ್ರೇಟ್‌ನ ಹೊರಗೇ ಇರುತ್ತದೆ, ಅಲ್ಲಿ ನಾರನ್ನು ಕಳೆಯುವುದು ಬೇಡ.

ಕೊನೆಗೆ: ಅಳೆದವರು ಯಾರು?

"ಪ್ರಯೋಗಾಲಯದಲ್ಲಿ ಪರೀಕ್ಷಿಸಲಾಗಿದೆ" ಅನ್ನುವ ವಾಕ್ಯಕ್ಕೆ ಅದರಷ್ಟಕ್ಕೇ ಬೆಲೆ ಇಲ್ಲ. ಯಾರ ಪ್ರಯೋಗಾಲಯ, ಯಾವ ಬ್ಯಾಚ್, ಯಾವುದಕ್ಕಾಗಿ? ಕಾರ್ಖಾನೆಯ ಗುಣಮಟ್ಟದ ಪ್ರಮಾಣಪತ್ರ ಕಾರ್ಖಾನೆ ನಡೆಯುವ ರೀತಿಯ ಬಗ್ಗೆ ಹೇಳುತ್ತದೆ, ನಿಮ್ಮ ಕೈಲಿರುವ ಡಬ್ಬಿಯ ಬಗ್ಗೆ ಅಲ್ಲ.

ಹೊರಗಿನ ಸಂಸ್ಥೆಗಳ ಮುದ್ರೆಗಳೂ ಒಂದೊಂದು ಪ್ರಶ್ನೆಗೆ ಉತ್ತರ ಕೊಡುತ್ತವೆ. ಇನ್ಫಾರ್ಮ್ಡ್ ಸ್ಪೋರ್ಟ್ ಮುದ್ರೆ ಇದ್ದರೆ ಪ್ರತಿ ಬ್ಯಾಚನ್ನೂ ಕ್ರೀಡೆಯಲ್ಲಿ ನಿಷೇಧಿಸಿದ ವಸ್ತುಗಳಿಗಾಗಿ ಪರೀಕ್ಷಿಸಿದ್ದಾರೆ. ಸ್ಪರ್ಧೆಗೆ ಇಳಿಯುವವರಿಗೆ ಅದು ಬಹಳ ಮುಖ್ಯ. ಆದರೆ ಪ್ರೋಟೀನ್ ಗ್ರಾಂ ಸರಿಯಾಗಿದೆಯೇ ಅನ್ನುವುದು ಅದರ ಮುಖ್ಯ ಪ್ರಶ್ನೆಯಲ್ಲ. ಎನ್‌ಎಸ್‌ಎಫ್ ಸರ್ಟಿಫೈಡ್ ಫಾರ್ ಸ್ಪೋರ್ಟ್ ಮುದ್ರೆ ನಿಷೇಧಿತ ವಸ್ತುಗಳ ಜೊತೆಗೆ ಲೇಬಲ್‌ನ ಅಂಶಗಳನ್ನೂ ಭಾರಲೋಹದಂಥ ಕಲ್ಮಶಗಳನ್ನೂ ನೋಡುತ್ತದೆ. ಮುದ್ರೆಯ ಚಿತ್ರವನ್ನು ಯಾರು ಬೇಕಾದರೂ ಅಚ್ಚು ಹಾಕಬಹುದು. ಆದ್ದರಿಂದ ಆ ಸಂಸ್ಥೆಯ ಜಾಲತಾಣದಲ್ಲೇ ನಿಮ್ಮ ಪುಡಿಯ ಹೆಸರು, ಅದೇ ರುಚಿ ಇದೆಯೇ ಅಂತ ಹುಡುಕಿ.

ಮುದ್ರೆ ಇಲ್ಲದಿದ್ದರೆ ಕಂಪನಿಯಿಂದ ಪರೀಕ್ಷಾ ವರದಿ ಕೇಳಿ. ನಾನೊಮ್ಮೆ ಕೇಳಿದಾಗ ಚಂದದ ವರದಿಯೊಂದು ಬಂತು. ಡಬ್ಬಿಯ ತಳದಲ್ಲಿದ್ದ ಬ್ಯಾಚ್ ಸಂಖ್ಯೆಗೂ ವರದಿಯ ಸಂಖ್ಯೆಗೂ ಸಂಬಂಧವೇ ಇರಲಿಲ್ಲ, ದಿನಾಂಕ ಒಂದು ವರ್ಷ ಹಳೆಯದು. ಎರಡನೇ ಸಲ ಕೇಳಿದೆ, ಉತ್ತರ ಬರಲಿಲ್ಲ. ಹಾಗಾಗಿ ಮೊದಲು ಬ್ಯಾಚ್ ಸಂಖ್ಯೆ ಹೋಲಿಸಿ. ಪ್ರಯೋಗಾಲಯ ತಯಾರಕರದ್ದೇ ಅಲ್ಲ ಅಂತ ಖಚಿತ ಮಾಡಿಕೊಳ್ಳಿ, ಅದಕ್ಕೆ ಪ್ರಯೋಗಾಲಯಗಳ ಸಾಮರ್ಥ್ಯದ ಅಂತರರಾಷ್ಟ್ರೀಯ ಮಾನದಂಡವಾದ ಐಎಸ್‌ಒ 17025 ಮಾನ್ಯತೆ ಇದೆಯೇ ನೋಡಿ. ಪ್ರೋಟೀನ್‌ಗೆ ಬರೀ ಕೆಲ್ಡಾಲ್ ಅಂತಿದ್ದರೆ, ಮೇಲೆ ಹೇಳಿದ ಗ್ಲೈಸಿನ್ ಆಟ ಆ ವರದಿಯಲ್ಲಿ ಸಿಕ್ಕಿಬೀಳುವುದಿಲ್ಲ. ಅಮೈನೊ ಆಮ್ಲಗಳ ಪೂರ್ತಿ ವಿವರ ಇರಬೇಕು.

ಭಾರಲೋಹದ ಸಾಲಿನಲ್ಲಿ ಒಂದು ಸೂಕ್ಷ್ಮ ಇದೆ. ಸೀಸ 1 ಗ್ರಾಂ ಪುಡಿಗೆ 0.02 ಮೈಕ್ರೊಗ್ರಾಂ ಅಂತಿದ್ದರೆ 46 ಗ್ರಾಂಗೆ 0.92 ಮೈಕ್ರೊಗ್ರಾಂ. "ಪತ್ತೆಯಾಗಿಲ್ಲ" ಅಂತಿದ್ದರೆ ಸೊನ್ನೆ ಅಂತ ಅಲ್ಲ, ಆ ಪರೀಕ್ಷೆ ಗುರುತಿಸಬಲ್ಲ ಅತಿ ಸಣ್ಣ ಪ್ರಮಾಣಕ್ಕಿಂತ, ಅಂದರೆ ಪತ್ತೆಯ ಮಿತಿಗಿಂತ, ಕೆಳಗಿದೆ ಅಂತ. ಆ ಮಿತಿಯೇ 1 ಗ್ರಾಂಗೆ 0.1 ಮೈಕ್ರೊಗ್ರಾಂ ಆಗಿದ್ದರೆ ನಿಮ್ಮ ಎರಡು ಸ್ಕೂಪಿನಲ್ಲಿ 4.6 ಮೈಕ್ರೊಗ್ರಾಂ ಹತ್ತಿರ ಇದ್ದರೂ "ಪತ್ತೆಯಾಗಿಲ್ಲ" ಅಂತಲೇ ಬರುತ್ತದೆ. ಹೋಲಿಕೆಗೆ, ಕ್ಯಾಲಿಫೋರ್ನಿಯಾದ ಎಚ್ಚರಿಕೆ ನಿಯಮದ ಗೆರೆ ದಿನಕ್ಕೆ 0.5 ಮೈಕ್ರೊಗ್ರಾಂ, ಅದು ಬಹಳ ಬಿಗಿ. ಮಕ್ಕಳಾಗುವ ವಯಸ್ಸಿನ ಹೆಂಗಸರಿಗೆ ಆಹಾರದಿಂದ ಬರುವ ಒಟ್ಟು ಸೀಸಕ್ಕೆ ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ ಇಟ್ಟಿರುವ ಗೆರೆ ದಿನಕ್ಕೆ 8.8 ಮೈಕ್ರೊಗ್ರಾಂ. ಗಿಡಗಳು ಮಣ್ಣಿನಿಂದ ಲೋಹವನ್ನು ಹೀರಿಕೊಳ್ಳುವುದರಿಂದ ಸಸ್ಯದ ಪುಡಿಗಳಲ್ಲಿ ಮತ್ತು ಕೋಕೋ ಇರುವ ರುಚಿಗಳಲ್ಲಿ ಇದು ಜಾಸ್ತಿ ಕಾಣುತ್ತದೆ. ದಿನಾ ಕುಡಿಯುವವರು, ಅದರಲ್ಲೂ ಬಸುರಿಯರು, ಈ ಸಾಲನ್ನು ನೋಡದೆ ಡಬ್ಬಿ ಕೊಳ್ಳಬಾರದು.

ಆ ಶೇ. 80ರ ಎರಡನೇ ಡಬ್ಬಿ ನೆನಪಿದೆಯಲ್ಲ? 30 ಗ್ರಾಂಗೆ 24 ಗ್ರಾಂ ಪ್ರೋಟೀನ್. ಅದರ ಪಟ್ಟಿ ವೇ ಐಸೊಲೇಟ್, ಕೋಕೋ, ಪರಿಮಳ, ಲೆಸಿಥಿನ್, ಸ್ಟೀವಿಯಾ, ಅಷ್ಟೇ ಅಂದುಕೊಳ್ಳಿ. ಲ್ಯೂಸಿನ್ 2.5 ಗ್ರಾಂ, ಅಂದರೆ ಶೇ. 10.4. ಗ್ಲೈಸಿನ್ 0.4. ಕಾರ್ಬೊಹೈಡ್ರೇಟ್ 2, ಸಕ್ಕರೆ 1, ಸೇರಿಸಿದ್ದು ಸೊನ್ನೆ. ಸಂಖ್ಯೆಗಳು ಒಂದಕ್ಕೊಂದು ಒಪ್ಪುತ್ತವೆ. ಆದರೂ ನಾನು ಅದನ್ನು ತಕ್ಷಣ ಬುಟ್ಟಿಗೆ ಹಾಕುವುದಿಲ್ಲ. ಕೋಕೋ ಇದೆ, ಹಾಗಾಗಿ ಡಬ್ಬಿ ತಿರುಗಿಸಿ ಬ್ಯಾಚ್ ಸಂಖ್ಯೆಯ ಫೋಟೊ ತೆಗೆದುಕೊಂಡು, ಅದೇ ಬ್ಯಾಚಿನ ಸೀಸದ ಅಳತೆ ಮತ್ತು ಪತ್ತೆಯ ಮಿತಿ ಎರಡನ್ನೂ ಕೇಳಿ ಕಂಪನಿಗೆ ಬರೆಯುತ್ತೇನೆ.